ಪಿಂಚಣಿ ಪರಿವರ್ತನೆಯಲ್ಲಿ ಅಡಗಿರುವ ಬಡ್ಡಿದರ

ನಿವೃತ್ತಿಗೆ ಕೆಲವು ತಿಂಗಳಿರುವಾಗ ಕೇಂದ್ರ ಸರ್ಕಾರದ ನೌಕರರ ಮುಂದೆ ಬರುವ ಕಾಗದಪತ್ರಗಳಲ್ಲಿ ಒಂದು ಪ್ರಶ್ನೆ ಇರುತ್ತದೆ: ಪಿಂಚಣಿಯ ಶೇಕಡಾ ಎಷ್ಟು ಭಾಗವನ್ನು ಪರಿವರ್ತಿಸಿಕೊಳ್ಳುತ್ತೀರಿ? ಗರಿಷ್ಠ ಮಿತಿ ಶೇ 40. ನಮ್ಮ ಕಚೇರಿಯಲ್ಲಿ ನನಗಿಂತ ಮೊದಲು ನಿವೃತ್ತರಾದವರಲ್ಲಿ ಬಹುತೇಕ ಎಲ್ಲರೂ ಯೋಚಿಸದೆ 40 ಎಂದು ಬರೆದಿದ್ದರು. ಕೈಗೆ ಒಟ್ಟಿಗೆ ದೊಡ್ಡ ಮೊತ್ತ ಬರುತ್ತದೆ, ಅದಕ್ಕೆ ತೆರಿಗೆಯೂ ಇಲ್ಲ, ಇನ್ನೇನು ಬೇಕು ಎಂಬುದು ಅವರ ವಾದ. ಆದರೆ ಬಿಟ್ಟುಕೊಡುವುದು ಮುಂದಿನ ಹದಿನೈದು ವರ್ಷಗಳ ಪ್ರತಿ ತಿಂಗಳ ಹಣ. ಈಗ ಒಂದು ಮೊತ್ತ ಪಡೆದು ಮುಂದೆ ತಿಂಗಳು ತಿಂಗಳು ತೀರಿಸುವುದಾದರೆ ಅದು ಸಾಲವೇ. ಸಾಲವೆಂದ ಮೇಲೆ ಅದಕ್ಕೊಂದು ಬಡ್ಡಿದರ ಇರಲೇಬೇಕು. ಆ ದರವನ್ನು ಯಾವ ಅರ್ಜಿಯಲ್ಲೂ ಅಚ್ಚು ಹಾಕಿರುವುದಿಲ್ಲ. ಅದನ್ನು ನಾನೇ ಕಂಡುಹಿಡಿದ ಮೇಲೆಯೇ ಸಹಿ ಹಾಕಬೇಕೆಂದು ನಿಶ್ಚಯಿಸಿದೆ.

ಮೊದಲು ನಿಯಮ. ನಾನು 2004ಕ್ಕೆ ಮೊದಲು ಕೆಲಸಕ್ಕೆ ಸೇರಿದವಳು, ಹಾಗಾಗಿ ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿದ್ದೇನೆ. ನನಗೆ ಅನ್ವಯಿಸುವುದು 1981ರ ಕೇಂದ್ರ ನಾಗರಿಕ ಸೇವೆಗಳ ಪಿಂಚಣಿ ಪರಿವರ್ತನೆ ನಿಯಮಗಳು. ಅದರ ಕೊನೆಯಲ್ಲಿ ಒಂದು ಕೋಷ್ಟಕವಿದೆ. ಮುಂದಿನ ಹುಟ್ಟುಹಬ್ಬಕ್ಕೆ ಎಷ್ಟು ವರ್ಷ ತುಂಬುತ್ತದೆ ಎಂಬುದರ ಎದುರು ಒಂದು ಗುಣಕ ಇರುತ್ತದೆ. 60ಕ್ಕೆ ನಿವೃತ್ತರಾಗುವವರಿಗೆ ಮುಂದಿನ ಹುಟ್ಟುಹಬ್ಬಕ್ಕೆ 61, ಆ ಸಾಲಿನ ಗುಣಕ 8.194. ಪರಿವರ್ತಿಸುವ ಮಾಸಿಕ ಮೊತ್ತವನ್ನು 12ರಿಂದ ಗುಣಿಸಿ, ಬಂದದ್ದನ್ನು 8.194ರಿಂದ ಗುಣಿಸಿದರೆ ಕೈಗೆ ಬರುವ ಹಣ. ಅಷ್ಟು ಮಾಸಿಕ ಮೊತ್ತ ಮುಂದಿನ 15 ವರ್ಷ ಪಿಂಚಣಿಯಲ್ಲಿ ಕಡಿತವಾಗುತ್ತದೆ, ಆಮೇಲೆ ಮತ್ತೆ ಸೇರಿಕೊಳ್ಳುತ್ತದೆ. ಈ ಮರುಸೇರ್ಪಡೆ ಮೊದಲಿನಿಂದ ಇದ್ದದ್ದಲ್ಲ. ಒಮ್ಮೆ ಪರಿವರ್ತಿಸಿದರೆ ಜೀವನಪೂರ್ತಿ ಕಡಿತ ಎಂಬ ಕಾಲವಿತ್ತು. 1986ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 15 ವರ್ಷದ ಮಿತಿ ಬಂತು.

ನನ್ನ ಮೂಲ ಪಿಂಚಣಿ 40,000 ರೂಪಾಯಿ ಎಂದು ಲೆಕ್ಕ ಶಾಖೆ ತಿಳಿಸಿತ್ತು. ಅದರ ಶೇ 40 ಎಂದರೆ 16,000. ವರ್ಷಕ್ಕೆ 1,92,000. ಅದನ್ನು 8.194ರಿಂದ ಗುಣಿಸಿದರೆ 15,73,248 ರೂಪಾಯಿ. ತೀರಿಸುವುದು ತಿಂಗಳಿಗೆ 16,000ದಂತೆ 180 ಕಂತು, ಒಟ್ಟು 28,80,000.

ಲೆಕ್ಕಕ್ಕೆ ಇಳಿಯುವ ಮುನ್ನ ಒಂದು ಅನುಮಾನ ಪರಿಹರಿಸಿಕೊಳ್ಳಬೇಕಿತ್ತು. ಪಿಂಚಣಿಯ ಮೇಲೆ ಆರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗುವ ತುಟ್ಟಿ ಪರಿಹಾರ ಸಿಗುತ್ತದೆ. ಪರಿವರ್ತಿಸಿದ ಭಾಗದ ಮೇಲಿನ ತುಟ್ಟಿ ಪರಿಹಾರವನ್ನೂ ಕಳೆದುಕೊಳ್ಳುವುದಾದರೆ, ನಾನು ಬಿಟ್ಟುಕೊಡುವ ಮೊತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಬಡ್ಡಿದರವೂ ಬಹಳ ಮೇಲಕ್ಕೆ ಹೋಗುತ್ತದೆ. ನಿಯಮ ಓದಿ ನೋಡಿದಾಗ ಸಮಾಧಾನವಾಯಿತು. ತುಟ್ಟಿ ಪರಿಹಾರವನ್ನು ಪರಿವರ್ತನೆಗೆ ಮುಂಚಿನ ಪೂರ್ಣ ಮೂಲ ಪಿಂಚಣಿಯ ಮೇಲೆಯೇ ಕೊಡುತ್ತಾರೆ. ದರ ಶೇ 50 ಎಂದಿಟ್ಟುಕೊಳ್ಳಿ. ನನಗೆ ಸಿಗುವುದು 24,000ದ ಅರ್ಧವಲ್ಲ, 40,000ದ ಅರ್ಧ, ಅಂದರೆ 20,000. ಹೀಗಾಗಿ ನಾನು ಕೊಡುವ ಕಂತು ಹದಿನೈದು ವರ್ಷವೂ 16,000ದಲ್ಲೇ ನಿಲ್ಲುತ್ತದೆ. ಇಡೀ ಲೆಕ್ಕ ಸರಳವಾಗುವುದು ಈ ಒಂದು ಸಂಗತಿಯಿಂದ. ಬೇರೆ ಯಾವುದೇ ಪಿಂಚಣಿ ವ್ಯವಸ್ಥೆಯಲ್ಲಿರುವವರು ಮೊದಲು ವಿಚಾರಿಸಬೇಕಾದದ್ದೂ ಇದನ್ನೇ: ಬಿಟ್ಟುಕೊಟ್ಟ ಭಾಗ ಬೆಲೆಯೇರಿಕೆಯ ಜೊತೆ ಬೆಳೆಯುತ್ತಿತ್ತೇ, ಇಲ್ಲವೇ? ಬೆಳೆಯುತ್ತಿದ್ದರೆ ಕೆಳಗಿನ ವಿಧಾನವನ್ನು ಹಾಗೆಯೇ ಬಳಸಲು ಬರುವುದಿಲ್ಲ.

ನಮ್ಮ ಕಚೇರಿಯಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳು ಓಡಾಡುತ್ತಿದ್ದವು. ಎರಡಕ್ಕೂ ಅಂಕಿಗಳ ಬೆಂಬಲವಿತ್ತು.

ಲೆಕ್ಕ ಶಾಖೆಯ ಹಿರಿಯರೊಬ್ಬರು, "ಮೇಡಂ, ಇದರಷ್ಟು ಅಗ್ಗದ ಸಾಲ ನಿಮಗೆ ಎಲ್ಲೂ ಸಿಗುವುದಿಲ್ಲ. ಬಡ್ಡಿ ಐದೂವರೆ ಶೇಕಡಾ ಅಷ್ಟೇ" ಎಂದರು. ಅವರ ಲೆಕ್ಕ ಹೀಗಿತ್ತು: 28,80,000ದಲ್ಲಿ 15,73,248 ಕಳೆದರೆ ಹೆಚ್ಚುವರಿ ಕೊಡುವುದು 13,06,752. ಅದನ್ನು 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 87,117. ಅದು 15,73,248ರ ಶೇ 5.54.

ಅದೇ ಶಾಖೆಯ ಕಿರಿಯ ಸಹೋದ್ಯೋಗಿ ಒಪ್ಪಲಿಲ್ಲ. "ಸರ್, ವರ್ಷಕ್ಕೆ 1,92,000 ಬಿಟ್ಟುಕೊಟ್ಟು 15,73,248 ತೆಗೆದುಕೊಳ್ಳುತ್ತಿದ್ದಾರೆ. ಭಾಗಿಸಿ ನೋಡಿ, 12.2 ಶೇಕಡಾ. ಇದು ಅಗ್ಗ ಹೇಗಾಗುತ್ತದೆ?" ಎಂದರು.

ಇಬ್ಬರ ಭಾಗಾಕಾರವೂ ಸರಿಯೇ. ಇಬ್ಬರ ದರವೂ ಸರಿಯಲ್ಲ. ಹಿರಿಯರು, ನಾನು 15,73,248 ರೂಪಾಯಿಯನ್ನು ಪೂರ್ತಿ ಹದಿನೈದು ವರ್ಷವೂ ಇಟ್ಟುಕೊಂಡು ಬಳಸುತ್ತೇನೆ ಎಂದು ಭಾವಿಸಿದ್ದರು. ವಾಸ್ತವದಲ್ಲಿ ಮೊದಲ ತಿಂಗಳಿಂದಲೇ ಅಸಲು ತೀರುತ್ತಾ ಹೋಗುತ್ತದೆ. ಕೊನೆಯ ವರ್ಷಗಳಲ್ಲಿ ನನ್ನ ಮೇಲೆ ಉಳಿದಿರುವ ಬಾಕಿ ಅಲ್ಪ. ಕಡಿಮೆ ಬಾಕಿಗೆ ಅಷ್ಟೇ ಬಡ್ಡಿ ಕೊಟ್ಟರೆ ನಿಜವಾದ ದರ ಹೆಚ್ಚು. ಕಿರಿಯರ ಲೆಕ್ಕ ಇದರ ವಿರುದ್ಧ ತುದಿ. ಅವರು ಕಂತಿನ ಪೂರ್ತಿ ಹಣವನ್ನು ಬಡ್ಡಿ ಎಂದೇ ಹಿಡಿದರು. ಕಡಿತ ಎಂದೆಂದಿಗೂ ನಡೆಯುವುದಾದರೆ ಮಾತ್ರ ಅದು ಸರಿ. ಹದಿನೈದು ವರ್ಷಕ್ಕೆ ನಿಲ್ಲುವುದರಿಂದ ಕಂತಿನ ಒಂದು ಭಾಗ ಅಸಲಿಗೆ ಹೋಗುತ್ತದೆ. ನಿಜವಾದ ದರ 5.54 ಮತ್ತು 12.2ರ ನಡುವೆ ಎಲ್ಲೋ ಇದೆ.

ಎಲ್ಲಿದೆ ಎಂದು ಹುಡುಕುವುದಕ್ಕೆ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು. ತಿಂಗಳಿಗೆ 16,000ದಂತೆ 180 ಕಂತು ಕಟ್ಟುವವಳಿಗೆ, ಇಂಥ ದರದಲ್ಲಿ ಬ್ಯಾಂಕು ಎಷ್ಟು ಸಾಲ ಕೊಡುತ್ತದೆ? ಆ ಸಾಲದ ಮೊತ್ತ 15,73,248ಕ್ಕೆ ಸಮನಾಗುವ ದರವೇ ನಮಗೆ ಬೇಕಾದದ್ದು. ನಾನು ಮೊದಲು ಕಾಗದದ ಮೇಲೆ ಊಹಿಸುತ್ತಾ ಹೋದೆ. ಶೇ 8 ಎಂದರೆ ಮಾಸಿಕ ಬಡ್ಡಿ 0.6667. ಆ ದರಕ್ಕೆ 16,000ದ 180 ಕಂತುಗಳ ಇಂದಿನ ಬೆಲೆ ಸುಮಾರು 16.74 ಲಕ್ಷ. ಸರ್ಕಾರ ನನಗೆ ಕೊಡುವುದು ಅದಕ್ಕಿಂತ ಒಂದು ಲಕ್ಷ ಕಡಿಮೆ. ಅದೇ ಕಂತಿಗೆ ಕಡಿಮೆ ಹಣ ಸಿಗುತ್ತಿದೆ ಎಂದರೆ ದರ 8ಕ್ಕಿಂತ ಹೆಚ್ಚು. ಶೇ 10 ಹಾಕಿದೆ, 14.89 ಲಕ್ಷ ಬಂತು. ಈಗ ಸರ್ಕಾರ ಕೊಡುವುದೇ ಹೆಚ್ಚು, ಹಾಗಾದರೆ ದರ 10ಕ್ಕಿಂತ ಕಡಿಮೆ. ಶೇ 9 ಹಾಕಿದಾಗ 15.77 ಲಕ್ಷ, ಬೇಕಾದದ್ದಕ್ಕಿಂತ ನಾಲ್ಕು ಸಾವಿರದಷ್ಟು ಮಾತ್ರ ಹೆಚ್ಚು. ದರ 9ರಿಂದ ಕೂದಲೆಳೆಯಷ್ಟು ಮೇಲೆ ಇದೆ ಎಂಬುದು ಅಲ್ಲಿಗೆ ಗೊತ್ತಾಯಿತು.

ಉಳಿದದ್ದನ್ನು ಕಂಪ್ಯೂಟರಿನ ಲೆಕ್ಕದ ಹಾಳೆಗೆ ಬಿಟ್ಟೆ. ಎಲ್ಲ ಸ್ಪ್ರೆಡ್‌ಶೀಟ್‌ಗಳಲ್ಲೂ ಇದಕ್ಕೊಂದು ಸಿದ್ಧ ಸೂತ್ರವಿದೆ:

```
=RATE(180, -16000, 1573248)
=RATE(180, -16000, 1573248) * 12
=EFFECT(RATE(180, -16000, 1573248) * 12, 12)
```

ಕಂತಿನ ಮುಂದಿನ ಕಳೆಯುವ ಚಿಹ್ನೆ ಮುಖ್ಯ. ಕೈಗೆ ಬರುವ ಹಣ ಮತ್ತು ಕೈಯಿಂದ ಹೋಗುವ ಹಣಕ್ಕೆ ವಿರುದ್ಧ ಚಿಹ್ನೆ ಇರದಿದ್ದರೆ ಉತ್ತರದ ಜಾಗದಲ್ಲಿ ದೋಷ ಸೂಚನೆ ಬರುತ್ತದೆ. ಮೊದಲ ಸಾಲು ಮಾಸಿಕ ದರ ಕೊಡುತ್ತದೆ: ಶೇ 0.7538. ಅದನ್ನು 12ರಿಂದ ಗುಣಿಸಿದರೆ ಶೇ 9.05. ಮೂರನೆಯ ಸಾಲು ಪ್ರತಿ ತಿಂಗಳ ಬಡ್ಡಿಗೆ ಬಡ್ಡಿ ಸೇರಿಸಿ ವಾರ್ಷಿಕ ದರ ಕೊಡುತ್ತದೆ: ಶೇ 9.43. ಎರಡೂ ಒಂದೇ ಸಾಲದ ದರಗಳೇ, ಹೇಳುವ ರೀತಿ ಬೇರೆ. ಮಾಸಿಕ ಕಂತಿನ ಗೃಹಸಾಲಕ್ಕೆ ಬ್ಯಾಂಕು ಹೇಳುವ ದರದ ಜೊತೆ ಹೋಲಿಸುವಾಗ 9.05 ಬಳಸಬೇಕು. ಠೇವಣಿಯ ವಾರ್ಷಿಕ ಗಳಿಕೆಯ ಜೊತೆ ಹೋಲಿಸುವಾಗ 9.43. ಒಂದು ಕಡೆಯಿಂದ ಚಿಕ್ಕದನ್ನೂ ಇನ್ನೊಂದು ಕಡೆಯಿಂದ ದೊಡ್ಡದನ್ನೂ ಎತ್ತಿಕೊಂಡರೆ ಹೋಲಿಕೆಯೇ ಕೆಡುತ್ತದೆ.

ಈ ದರ ಸರಿಯೇ ಎಂದು ಪರೀಕ್ಷಿಸಲು ಮೊದಲ ತಿಂಗಳ ಲೆಕ್ಕ ಹಾಕಿದೆ. 15,73,248ಕ್ಕೆ ಶೇ 0.7538ರಂತೆ ಬಡ್ಡಿ ಸುಮಾರು 11,860. ಕಂತು 16,000. ಅಸಲಿಗೆ ಹೋಗುವುದು ಸುಮಾರು 4,140. ಹೀಗೆ 180 ಸಾಲು ಕೆಳಗೆ ಎಳೆದುಕೊಂಡು ಹೋದಾಗ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆಗೆ ಬಂತು. ದರದ ಬಗ್ಗೆ ಸಂಶಯವಿರುವ ಯಾರೇ ಆದರೂ ಈ ಪಟ್ಟಿಯನ್ನು ಒಮ್ಮೆ ಮಾಡಿ ನೋಡಬೇಕು. ಸೂತ್ರವನ್ನು ನಂಬುವುದು ಬೇರೆ, ಬಾಕಿ ತಾನಾಗಿ ಸೊನ್ನೆಯಾಗುವುದನ್ನು ಕಾಣುವುದು ಬೇರೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಕಂಡಿತು. ನಿವೃತ್ತರ ನಡುವೆ ಪ್ರಚಲಿತವಾಗಿರುವ ಮಾತೊಂದಿದೆ: "ಎಂಟು ವರ್ಷ ಚಿಲ್ಲರೆಗೆ ಸರ್ಕಾರ ಕೊಟ್ಟ ಹಣವೆಲ್ಲ ವಸೂಲಾಗುತ್ತದೆ, ಉಳಿದ ಏಳು ವರ್ಷ ನಮ್ಮನ್ನು ಸುಲಿಯುತ್ತಾರೆ." 98 ಕಂತು ಕಳೆದಾಗ, ಅಂದರೆ 8 ವರ್ಷ 2 ತಿಂಗಳಿಗೆ, ನಾನು ಕಟ್ಟಿದ್ದು 15,68,000. ಕೂಡುವ ಲೆಕ್ಕದಲ್ಲಿ ಸಾಲ ತೀರಿದ ಹಾಗೆಯೇ. ಆದರೆ ಆ ಸಾಲಿನಲ್ಲಿ ಬಾಕಿ ಸುಮಾರು 9.76 ಲಕ್ಷ ಎಂದಿತ್ತು. ಬಡ್ಡಿಯೇ ಇಲ್ಲದೆ ಯಾರೂ ಇಷ್ಟು ಹಣ ಕೊಡುವುದಿಲ್ಲ ಎಂದು ಒಪ್ಪಿಕೊಂಡರೆ ಎಂಟು ವರ್ಷದ ವಾದ ಬಿದ್ದುಹೋಗುತ್ತದೆ. ಹದಿನೈದು ವರ್ಷ ನ್ಯಾಯವೇ ಎಂಬ ಪ್ರಶ್ನೆ ಮಾತ್ರ ಬೀಳುವುದಿಲ್ಲ. ಶೇ 8ರ ಬಡ್ಡಿ ಹಿಡಿದರೆ ನನ್ನ ಸಾಲ 161ನೆಯ ಕಂತಿಗೆ, ಅಂದರೆ 13 ವರ್ಷ 5 ತಿಂಗಳಿಗೆ ಮುಗಿಯುತ್ತದೆ.

8 ಎಂಬ ಸಂಖ್ಯೆಯನ್ನು ನಾನು ಸುಮ್ಮನೆ ಹಿಡಿಯಲಿಲ್ಲ. ಈಗಿನ ಗುಣಕ ಕೋಷ್ಟಕ ಆರನೆಯ ವೇತನ ಆಯೋಗದ ನಂತರ 2008ರಲ್ಲಿ ಬಂದದ್ದು. ಅದನ್ನು ಶೇ 8ರ ಬಡ್ಡಿ ಮತ್ತು ಜೀವ ವಿಮಾ ನಿಗಮದ 1994-96ರ ಮರಣ ಕೋಷ್ಟಕದ ಆಧಾರದ ಮೇಲೆ ರೂಪಿಸಲಾಗಿದೆ. ಹಾಗಾದರೆ ನನಗೆ ಸಿಕ್ಕಿದ 9.05 ಎಲ್ಲಿಂದ ಬಂತು? ಉತ್ತರ ಆ ಎರಡನೆಯ ಆಧಾರದಲ್ಲಿದೆ. ನನ್ನ ಲೆಕ್ಕ ನಾನು 75 ದಾಟುವವರೆಗೂ ಬದುಕಿರುತ್ತೇನೆ ಎಂದು ಭಾವಿಸಿತ್ತು. ಸರ್ಕಾರದ ಲೆಕ್ಕ ಹಾಗೆ ಭಾವಿಸುವುದಿಲ್ಲ.

ಇಲ್ಲಿ ಈ ಸಾಲ ಬ್ಯಾಂಕಿನ ಸಾಲಕ್ಕಿಂತ ಪೂರ್ತಿ ಬೇರೆಯಾಗುತ್ತದೆ. ಹದಿನೈದು ವರ್ಷದೊಳಗೆ ಪಿಂಚಣಿದಾರರು ತೀರಿಕೊಂಡರೆ ಉಳಿದ ಕಂತುಗಳನ್ನು ಯಾರೂ ಕೇಳುವುದಿಲ್ಲ. ಕುಟುಂಬ ಪಿಂಚಣಿಯಲ್ಲೂ ಕಡಿತವಿಲ್ಲ, ಪರಿವರ್ತನೆ ಮಾಡಿಕೊಳ್ಳದಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟೇ ಬರುತ್ತದೆ. ಹೀಗಾಗಿ ದರ ಒಂದೇ ಅಲ್ಲ, ಆಯುಸ್ಸಿನ ಜೊತೆ ಬದಲಾಗುತ್ತದೆ. RATE ಸೂತ್ರದಲ್ಲಿ 180ರ ಜಾಗದಲ್ಲಿ ಬೇರೆ ಬೇರೆ ತಿಂಗಳು ಹಾಕಿ ನೋಡಿದೆ. ಐದೇ ವರ್ಷ ಬದುಕಿದರೆ ಕಟ್ಟಿದ್ದು 9.6 ಲಕ್ಷ, ಪಡೆದದ್ದು 15.73 ಲಕ್ಷ, ದರ ಸೊನ್ನೆಗಿಂತ ಕೆಳಗೆ. ಹತ್ತು ವರ್ಷಕ್ಕೆ ಸುಮಾರು ಶೇ 4.1. ಹನ್ನೆರಡು ವರ್ಷಕ್ಕೆ 6.8. ಹದಿನೈದಕ್ಕೆ 9.05, ಅಲ್ಲಿಂದ ಮುಂದೆ ಎಷ್ಟು ವರ್ಷ ಬದುಕಿದರೂ ಅಷ್ಟೇ. ಅಂದರೆ 9.05 ಎಂಬುದು ಮೇಲಿನ ಗಡಿ, ದೀರ್ಘಾಯುಸ್ಸಿನವರು ತೆರುವ ದರ. ಸಾಲ ತೀರಿಸುವ ಮೊದಲೇ ಹೋದವರ ಬಾಕಿಯನ್ನು ಹೊತ್ತುಕೊಳ್ಳುವುದಕ್ಕಾಗಿಯೇ ಉಳಿದವರ ದರ 8ಕ್ಕಿಂತ ಮೇಲಿದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆ ಒಂದು ಶೇಕಡಾ ಬಡ್ಡಿಯಲ್ಲ, ವಿಮೆಯ ಕಂತು.

ಈ ಮಾತನ್ನು ಮನೆಯಲ್ಲಿ ಹೇಳಲು ಹಿಂಜರಿಕೆಯಾಗಿತ್ತು. ಆದರೆ ನನ್ನ ಯಜಮಾನರು ಖಾಸಗಿ ಕಂಪನಿಯಲ್ಲಿ ದುಡಿದವರು, ಅವರಿಗೆ ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ. ನನ್ನ ನಂತರ ಅವರಿಗೆ ಉಳಿಯುವುದು ಕುಟುಂಬ ಪಿಂಚಣಿ ಮಾತ್ರ. ಹೇಳದೆ ನಿರ್ಧಾರ ಮಾಡುವಂತಿರಲಿಲ್ಲ. ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, "ನೀನು ನೂರು ವರ್ಷ ಬಾಳಿದರೆ ಒಂಬತ್ತು ಶೇಕಡಾ ಕೊಡೋಣ, ಅದಕ್ಕೇನು? ಆದರೆ ಮನೆ ಸಾಲ ಇನ್ನೂ ಇದೆಯಲ್ಲ, ಅದಕ್ಕೆ ವಿಮೆ ಮಾಡಿಸಿಲ್ಲ. ಅದನ್ನು ಯೋಚಿಸು" ಎಂದರು. ಕೊನೆಗೆ ನಮ್ಮ ನಿರ್ಧಾರ ತಿರುಗಿದ್ದು ಅವರ ಈ ಮಾತಿನ ಮೇಲೆಯೇ.

ಅದಕ್ಕೂ ಮೊದಲು ತೆರಿಗೆಯ ಮಾತು. ಸರ್ಕಾರಿ ನೌಕರರಿಗೆ ಪರಿವರ್ತನೆಯ ಮೊತ್ತಕ್ಕೆ ಆದಾಯ ತೆರಿಗೆ ಪೂರ್ತಿ ವಿನಾಯಿತಿ. ತಿಂಗಳ ಪಿಂಚಣಿಗೆ ಮಾತ್ರ ತೆರಿಗೆ ಇದೆ. ನನ್ನ ಜೊತೆ ನಿವೃತ್ತರಾಗುತ್ತಿದ್ದ ಮೇಲಧಿಕಾರಿಯೊಬ್ಬರಿಗೆ ಬಾಡಿಗೆ ಆದಾಯವೂ ಇತ್ತು, ಅವರ ಮೇಲ್ತುದಿಯ ಆದಾಯ ಶೇ 20ರ ತೆರಿಗೆ ಹಂತದಲ್ಲಿತ್ತು. ಸೆಸ್ ಸೇರಿ 20.8. ಅವರು 16,000 ಬಿಟ್ಟುಕೊಟ್ಟರೆ ವಾಸ್ತವದಲ್ಲಿ ಕಳೆದುಕೊಳ್ಳುವುದು ತೆರಿಗೆ ಕಳೆದು ಉಳಿಯುತ್ತಿದ್ದ 12,672 ಮಾತ್ರ. ಸೂತ್ರದಲ್ಲಿ 16000 ಬದಲು 12672 ಹಾಕಿದರೆ ದರ ಶೇ 5.3ರ ಆಸುಪಾಸಿಗೆ ಇಳಿಯುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2 ಬಡ್ಡಿ ಇತ್ತು. ಅದಕ್ಕೆ ಅದೇ ತೆರಿಗೆ ಕಳೆದರೂ ಆರೂವರೆ ಉಳಿಯುತ್ತದೆ. ಅವರಿಗೆ ಪರಿವರ್ತನೆ ಲಾಭದಾಯಕ. ಸಾಲ ತೆಗೆದು ಠೇವಣಿ ಇಟ್ಟರೂ ನಷ್ಟವಿಲ್ಲ.

ನನಗೆ ಅದು ಅನ್ವಯಿಸಲಿಲ್ಲ. ತುಟ್ಟಿ ಪರಿಹಾರ ಸೇರಿಸಿದರೂ ನನ್ನ ವಾರ್ಷಿಕ ಆದಾಯ ಏಳೆಂಟು ಲಕ್ಷದೊಳಗೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಹಾಗಿರುವಾಗ ಪಿಂಚಣಿ ಕಡಿಮೆಯಾದದ್ದರಿಂದ ನನಗೆ ಉಳಿಯುವ ತೆರಿಗೆ ಸೊನ್ನೆ. ನನ್ನ ದರ 9.05 ಆಗಿಯೇ ಉಳಿಯಿತು. "ತೆರಿಗೆ ಇಲ್ಲದ ಹಣ" ಎಂದು ಎಲ್ಲರೂ ಹೇಳುವ ಕಾರಣ, ತೆರಿಗೆಯನ್ನೇ ಕಟ್ಟದ ನನ್ನಂಥವರಿಗೆ ಕಾರಣವೇ ಅಲ್ಲ. ಶೇ 9.05ಕ್ಕೆ ಸಾಲ ತೆಗೆದು 8.2ಕ್ಕೆ ಠೇವಣಿ ಇಡುವುದು, ನಾನು ಬದುಕಿರುವಷ್ಟು ಕಾಲ, ನಷ್ಟದ ವ್ಯವಹಾರ. ಇದನ್ನು ತಿರುಗಿಸಿ ನೋಡಿದರೆ ಇನ್ನೂ ಸ್ಪಷ್ಟ. ಪರಿವರ್ತನೆ ಮಾಡಿಕೊಳ್ಳದೆ ಬಿಡುವುದೆಂದರೆ ಅಷ್ಟೂ ಹಣವನ್ನು ಸರ್ಕಾರದ ಬಳಿ ಶೇ 9.05ಕ್ಕೆ ಹದಿನೈದು ವರ್ಷ ತೊಡಗಿಸಿದ ಹಾಗೆ. ಒಂದೇ ಷರತ್ತು, ಕಂತು ಪಡೆಯಲು ನಾನು ಬದುಕಿರಬೇಕು.

ಈಗ ಮನೆ ಸಾಲ. ಬಾಕಿ 7.8 ಲಕ್ಷ, ದರ ಶೇ 8.75, ಇನ್ನು ಆರು ವರ್ಷ, ಕಂತು ತಿಂಗಳಿಗೆ ಸುಮಾರು 14,000. ಸಂಬಳ ನಿಂತ ಮೇಲೆ ಆ ಕಂತು ಭಾರವೇ. ಪಿಂಚಣಿಯ ಶೇ 20 ಮಾತ್ರ ಪರಿವರ್ತಿಸಿದರೆ ಕಡಿತ 8,000, ಕೈಗೆ ಬರುವುದು 7,86,624. ಸಾಲ ತೀರಿಸಲು ಸರಿಯಾಗಿ ಸಾಕು. 8.75ರ ಸಾಲವನ್ನು 9.05ರ ಸಾಲಕ್ಕೆ ಬದಲಾಯಿಸಿಕೊಳ್ಳುವುದು ದರದ ದೃಷ್ಟಿಯಿಂದ ಮಾತ್ರ ನೋಡಿದರೆ ಬುದ್ಧಿವಂತಿಕೆಯಲ್ಲ. ಆದರೆ ಬ್ಯಾಂಕಿನ ಸಾಲ ನಾನು ಹೋದರೂ ಮನೆಯ ಮೇಲೆ ಉಳಿಯುತ್ತದೆ, ಪರಿವರ್ತನೆಯ ಸಾಲ ನನ್ನ ಜೊತೆಗೇ ಮುಗಿಯುತ್ತದೆ. ಆ 0.3ರ ವ್ಯತ್ಯಾಸಕ್ಕೆ ಹದಿನೈದು ವರ್ಷದ ಇಂಥ ರಕ್ಷಣೆ ಅರವತ್ತು ದಾಟಿದ ಮೇಲೆ ಯಾವ ವಿಮೆಯಿಂದಲೂ ನನಗೆ ಸಿಗುತ್ತಿರಲಿಲ್ಲ. ತಿಂಗಳ ಹೊರೆಯೂ ಹದಿನಾಲ್ಕರಿಂದ ಎಂಟು ಸಾವಿರಕ್ಕೆ ಇಳಿಯುತ್ತದೆ. ಆರು ವರ್ಷದ ಸಾಲ ಹದಿನೈದು ವರ್ಷಕ್ಕೆ ಹಿಗ್ಗುತ್ತದೆ ಎಂಬುದನ್ನು ತಿಳಿದೇ ಒಪ್ಪಿಕೊಂಡೆ. ಉಳಿದ 20 ಶೇಕಡಾ ಪರಿವರ್ತಿಸಿದ್ದರೆ ಆ ಹಣ ಠೇವಣಿಗೆ ಹೋಗುತ್ತಿತ್ತು. ಅದನ್ನು ಮುಟ್ಟಲಿಲ್ಲ. ಅರ್ಜಿಯಲ್ಲಿ 20 ಎಂದು ಬರೆದೆ.

ಲೆಕ್ಕ ಶಾಖೆಯ ಹಿರಿಯರು ಅರ್ಜಿ ನೋಡಿ, "ಮೇಡಂ, 40 ಇರಬೇಕಿತ್ತು, ತಪ್ಪಿ 20 ಬರೆದಿದ್ದೀರಿ" ಎಂದು ಹಿಂದಿರುಗಿಸಿದರು. ಬೇಕೆಂದೇ ಬರೆದದ್ದೆಂದು ಹೇಳಿ ಮತ್ತೆ ಕೊಟ್ಟೆ. 40 ಎಂಬುದು ಮಿತಿ, ಕಡ್ಡಾಯವಲ್ಲ. ನಿವೃತ್ತಿಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ, ಆಮೇಲೆ ಬೇಕು. ಸರ್ಕಾರ ವಿಮೆ ಕೊಡುತ್ತಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ನಿಯಮದ ಕಾರಣ ತಾನಾಗಿ ಅರ್ಥವಾಗುತ್ತದೆ. ಆರೋಗ್ಯ ಕೆಟ್ಟ ಮೇಲೆ ಪರಿವರ್ತನೆಗೆ ಬರುವವರಿಗೆ ದರ ಬಹಳ ಅಗ್ಗವಾಗಿಬಿಡುತ್ತದೆ. ಇನ್ನೊಂದು ಮಿತಿಯೂ ಇದೆ. ಬ್ಯಾಂಕಿನ ಸಾಲವಾದರೆ ಕೈಯಲ್ಲಿ ಹಣ ಬಂದಾಗ ಮೊದಲೇ ತೀರಿಸಬಹುದು, ಬಡ್ಡಿ ಇಳಿದರೆ ಬೇರೆ ಬ್ಯಾಂಕಿಗೆ ವರ್ಗಾಯಿಸಬಹುದು. ಪರಿವರ್ತನೆ ಜಾರಿಯಾದ ಮೇಲೆ ಹಣ ಮರಳಿಸಿ ಕಡಿತ ನಿಲ್ಲಿಸಿಕೊಳ್ಳುವ ದಾರಿ ಇಲ್ಲ.

ಹಣ ಬಂದ ಮೇಲೆ ಎರಡು ದಿನಾಂಕಗಳನ್ನು ಹೋಲಿಸಿ ನೋಡಿದೆ: ಮೊತ್ತ ಖಾತೆಗೆ ಬಿದ್ದ ದಿನ, ಮತ್ತು ಕಡಿತವಾದ ಮೊದಲ ಪಿಂಚಣಿಯ ದಿನ. ನಾನು ಮಾಡಿದ ಲೆಕ್ಕದಲ್ಲಿ ಮೊತ್ತ ಬಂದ ಒಂದು ತಿಂಗಳಿಗೆ ಮೊದಲ ಕಡಿತ. ಎರಡೂ ಒಂದೇ ದಿನ ಬಂದರೆ ನಾನು ಆ ಕ್ಷಣವೇ ಮೊದಲ ಕಂತು ಕಟ್ಟಿದಂತೆ, ದರ 9.05ರಿಂದ 9.18ಕ್ಕೆ ಏರುತ್ತದೆ. ವ್ಯತ್ಯಾಸ ಸಣ್ಣದು. ಆದರೆ ಮೊತ್ತ ಕೆಲವು ತಿಂಗಳು ತಡವಾಗಿ, ಕಡಿತ ಮಾತ್ರ ಮೊದಲೇ ಶುರುವಾದರೆ ಸಣ್ಣದಾಗಿ ಉಳಿಯುವುದಿಲ್ಲ. ಅಂಥ ಸಂದರ್ಭದಲ್ಲಿ ಮುಂಚಿತವಾಗಿ ಕಡಿದ ಹಣವನ್ನು ಬರಹದಲ್ಲಿ ಕೇಳಬೇಕು. ಪರಿಚಿತರೊಬ್ಬರ ಖಾತೆಯಲ್ಲಿ ಇನ್ನೊಂದು ತೊಡಕು ಕಾಣಿಸಿತ್ತು. ತುಟ್ಟಿ ಪರಿಹಾರವನ್ನು ಪೂರ್ಣ ಪಿಂಚಣಿಯ ಬದಲು ಕಡಿತದ ನಂತರದ ಪಿಂಚಣಿಯ ಮೇಲೆ ಲೆಕ್ಕ ಹಾಕಿದ್ದರು. ತಿಂಗಳ ಚೀಟಿಯಲ್ಲಿ ತುಟ್ಟಿ ಪರಿಹಾರದ ಮೊತ್ತವನ್ನು ಮೂಲ ಪಿಂಚಣಿಯಿಂದ ಭಾಗಿಸಿ ನೋಡಿದರೆ ಸಾಕು, ಘೋಷಿತ ದರಕ್ಕೆ ತಾಳೆಯಾಗದಿದ್ದರೆ ಗೊತ್ತಾಗುತ್ತದೆ. ಅವರದು ದೂರು ಕೊಟ್ಟ ಮೇಲೆ ಸರಿಯಾಯಿತು.

ಈ ಲೆಕ್ಕವನ್ನು ನನಗಿಂತ ಬಹಳ ಮೊದಲು, 2006ಕ್ಕೂ ಮುಂಚೆ 60ಕ್ಕೆ ನಿವೃತ್ತರಾದ ನನ್ನ ಹಿಂದಿನ ಮೇಲಧಿಕಾರಿಗೆ ತೋರಿಸಿದಾಗ ಅವರು ತಮ್ಮ ಹಳೆಯ ಕಾಗದ ತೆಗೆದು, ತಮ್ಮ ಗುಣಕ 9.81 ಇತ್ತೆಂದು ತೋರಿಸಿದರು. ಅದೇ ವಯಸ್ಸು, ಅದೇ ಹದಿನೈದು ವರ್ಷದ ಕಡಿತ. ಅವರ ಗುಣಕ ಹಾಕಿ ಸೂತ್ರ ಓಡಿಸಿದಾಗ ದರ ಶೇ 6.1ರಷ್ಟೇ ಬಂತು. 2008ರಲ್ಲಿ ಕೋಷ್ಟಕ ಬದಲಾಯಿಸಿ ಕೊಡುವ ಹಣವನ್ನು ಆರನೆಯ ಒಂದು ಭಾಗದಷ್ಟು ಇಳಿಸಿದರು, ವಸೂಲಿಯ ಅವಧಿಯನ್ನು ಇದ್ದಲ್ಲೇ ಬಿಟ್ಟರು. ಮೂರು ಶೇಕಡಾ ಏರಿಕೆ ಯಾವ ಆದೇಶದಲ್ಲೂ ಬಡ್ಡಿ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳದೆ ನಮ್ಮ ಮೇಲೆ ಬಿತ್ತು. ಅವಧಿಯನ್ನು 12 ವರ್ಷಕ್ಕೆ ಇಳಿಸಬೇಕೆಂದು ನೌಕರರ ಸಂಘಗಳು ಈಗ ಕೇಳುತ್ತಿವೆ. ಈಗಿನ ಗುಣಕಕ್ಕೆ 144 ಕಂತು ಹಾಕಿದರೆ ಪೂರ್ತಿ ಅವಧಿ ಬದುಕುವವರ ದರ 6.8. ಆ ಬೇಡಿಕೆ ದುರಾಸೆಯದಲ್ಲ. "ಎಂಟೇ ವರ್ಷದಲ್ಲಿ ವಸೂಲಾಗುತ್ತದೆ" ಎಂಬ ವಾದಕ್ಕಿಂತ ಈ ಎರಡು ದರಗಳನ್ನು, 6.1 ಮತ್ತು 9.05ನ್ನು, ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಅದು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ರಾಜ್ಯ ಸರ್ಕಾರಗಳ ನೌಕರರಿಗೆ ಪರಿವರ್ತನೆಯ ಮಿತಿಯೂ ಗುಣಕವೂ ಅವಧಿಯೂ ಬೇರೆ ಇರಬಹುದು. ತಮ್ಮ ಅಂಕಿಗಳನ್ನು ಅದೇ ಸೂತ್ರದಲ್ಲಿ ಹಾಕಿದರೆ ತಮ್ಮ ದರ ಸಿಗುತ್ತದೆ.